ಜ್ವರದ ಮಾತ್ರೆ, ಹಳದಿ ಕಣ್ಣು, ಲಿವರ್‌ನ ಲೆಕ್ಕ

ಕಾಮಾಲೆ ಮೊದಲು ಕಾಣುವುದು ಹೆಚ್ಚಾಗಿ ಕಣ್ಣಿನಲ್ಲಲ್ಲ, ಮೂತ್ರದಲ್ಲಿ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಪ್ರತಿ ಡೆಸಿಲೀಟರ್‌ಗೆ ಸುಮಾರು 2.5ರಿಂದ 3 ಮಿ.ಗ್ರಾಂ ದಾಟಿದ ಮೇಲಷ್ಟೇ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣುತ್ತದೆ. ಆದರೆ ಲಿವರ್ ಸಂಸ್ಕರಿಸಿದ ಬಿಲಿರುಬಿನ್ ನೀರಿನಲ್ಲಿ ಕರಗುವುದರಿಂದ, ಅದು ಸ್ವಲ್ಪ ಹೆಚ್ಚಾದರೂ ಮೂತ್ರಕ್ಕೆ ಇಳಿದು ಕಡು ಚಹಾದ ಬಣ್ಣ ಕೊಡುತ್ತದೆ. ನೀರು ಕಡಿಮೆ ಕುಡಿದಾಗಲೂ ಮೂತ್ರ ಗಾಢವಾಗುವುದುಂಟು, ಆದರೆ ಚೆನ್ನಾಗಿ ನೀರು ಕುಡಿದರೆ ಅದು ತಿಳಿಯಾಗುತ್ತದೆ. ಹಾಗೆ ತಿಳಿಯಾಗದೆ, ಜೊತೆಗೆ ಸುಸ್ತು ಮತ್ತು ವಾಕರಿಕೆ ಇದ್ದರೆ ಕಣ್ಣು ಹಳದಿಯಾಗುವವರೆಗೆ ಕಾಯದೆ ಲಿವರ್ ಪರೀಕ್ಷೆ ಮಾಡಿಸಬೇಕು.

ಕಣ್ಣು ಹಳದಿಯಾಗುವ ಮುಂಚಿನ ಈ ದಿನಗಳಲ್ಲೇ ತೊಂದರೆ ಹೆಚ್ಚುವುದು. ಒಂದು ಉದಾಹರಣೆ ನೋಡೋಣ. 28 ವರ್ಷದ ಒಬ್ಬರಿಗೆ ಜ್ವರ, ಮೈಕೈ ನೋವು. ದಿನಕ್ಕೆ 4 ಬಾರಿ 650 ಮಿ.ಗ್ರಾಂ ಪ್ಯಾರಸಿಟಮಾಲ್ ನುಂಗುತ್ತಾರೆ, ಅದು 2,600 ಮಿ.ಗ್ರಾಂ ಆಯಿತು. ನೆಗಡಿಗೆಂದು 3 ಬಾರಿ ಬೇರೊಂದು ಮಾತ್ರೆ. ಅದರಲ್ಲೂ ತಲಾ 500 ಮಿ.ಗ್ರಾಂ ಪ್ಯಾರಸಿಟಮಾಲ್ ಇರುವುದು ಅವರಿಗೆ ಗೊತ್ತಿಲ್ಲ. ಒಟ್ಟು 4,100 ಮಿ.ಗ್ರಾಂ. ಆರೋಗ್ಯವಂತ ವಯಸ್ಕರಿಗೂ ದಿನದ ಗರಿಷ್ಠ ಮಿತಿ 4,000. ಇವರಿಗಾದರೋ ವಾಕರಿಕೆಯಿಂದ ಊಟವೂ ಸೇರುತ್ತಿಲ್ಲ.

ಊಟ ಬಿಟ್ಟಿದ್ದು ಇಲ್ಲಿ ಮುಖ್ಯ. ಪ್ಯಾರಸಿಟಮಾಲಿನ ಒಂದು ಸಣ್ಣ ಭಾಗ ಲಿವರ್‌ನಲ್ಲಿ ವಿಷವಸ್ತುವಾಗಿ ಮಾರ್ಪಡುತ್ತದೆ. ಗ್ಲುಟಥಯೋನ್ ಎಂಬ ಪದಾರ್ಥ ಅದನ್ನು ಕೂಡಲೇ ನಿಷ್ಕ್ರಿಯಗೊಳಿಸುತ್ತದೆ. ಉಪವಾಸವಿದ್ದಾಗ, ಮದ್ಯಪಾನದ ಅಭ್ಯಾಸವಿದ್ದಾಗ ಈ ಗ್ಲುಟಥಯೋನ್ ಸಂಗ್ರಹ ಕುಗ್ಗಿರುತ್ತದೆ. ಹಾಗಾಗಿ ಬೇರೆಯವರು ತಾಳಿಕೊಳ್ಳುವ ಪ್ರಮಾಣವೇ ಇವರ ಲಿವರ್ ಜೀವಕೋಶಗಳಿಗೆ ಹಾನಿ ಮಾಡಬಲ್ಲದು. ಐದನೇ ದಿನ ಮೂತ್ರ ಗಾಢವಾಯಿತು, ಏಳನೇ ದಿನ ಕಣ್ಣು ಹಳದಿಯಾಯಿತು. ಬಿಲಿರುಬಿನ್ 6.4, ಲಿವರ್ ಜೀವಕೋಶಗಳು ಹಾಳಾದಾಗ ರಕ್ತಕ್ಕೆ ಸೋರುವ ಎಸ್‌ಜಿಪಿಟಿ 1,850, ರಕ್ತ ಹೆಪ್ಪುಗಟ್ಟುವಿಕೆಯನ್ನು ಅಳೆಯುವ ಐಎನ್‌ಆರ್ 1.2, ಹೆಪಟೈಟಿಸ್ ಎ ಪರೀಕ್ಷೆ ಪಾಸಿಟಿವ್. ಮೂಲ ಕಾಯಿಲೆ ವೈರಸ್‌ನದು. ಅದರ ಮೇಲೆ ಮಾತ್ರೆಗಳ ಹೊರೆಯೂ ಬಿತ್ತು.

ಇಂಥ ಸಂದರ್ಭದಲ್ಲಿ ಮಾಡಬೇಕಾದ ಮೊದಲ ಕೆಲಸ, ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್, ಪುಡಿ, ಕಷಾಯಗಳನ್ನು ಒಂದು ಚೀಲಕ್ಕೆ ಹಾಕಿ ವೈದ್ಯರ ಮುಂದಿಡುವುದು. ಮೇಲಿನ ಹೆಸರಲ್ಲ, ಹಿಂಬದಿಯ ಸಣ್ಣ ಅಕ್ಷರದಲ್ಲಿರುವ ಔಷಧಾಂಶವನ್ನು ಓದಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಬೇಕೇ ಬೇಕಾದರೆ ವೈದ್ಯರು ಸಾಮಾನ್ಯವಾಗಿ ದಿನಕ್ಕೆ 2,000 ಮಿ.ಗ್ರಾಂ ಒಳಗೇ ನಿಲ್ಲಿಸುತ್ತಾರೆ. ಹಿಂದಿನ ದಿನಗಳಲ್ಲಿ ಮಿತಿ ಮೀರಿದ್ದರೆ ಅದನ್ನು ಮುಚ್ಚಿಡಬೇಡಿ, ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧ ಇದೆ, ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂಥ ನೋವಿನ ಮಾತ್ರೆಗಳು ಬದಲಿಯಲ್ಲ. ಗಿಡಮೂಲಿಕೆಯದು ಎಂದ ಮಾತ್ರಕ್ಕೆ ಲಿವರ್‌ಗೆ ಸುರಕ್ಷಿತ ಎಂದಲ್ಲ, ಕೆಲವು ಮೂಲಿಕೆಗಳೇ ಕಾಮಾಲೆ ತರುತ್ತವೆ. ಕ್ಷಯ, ಮೂರ್ಛೆರೋಗ ಮುಂತಾದವುಗಳಿಗೆ ದಿನವೂ ಔಷಧ ತೆಗೆದುಕೊಳ್ಳುವವರು ಕಣ್ಣು ಹಳದಿಯಾದ ದಿನವೇ ವೈದ್ಯರನ್ನು ಕಾಣಬೇಕು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದು ಅವರ ತೀರ್ಮಾನ. ಮದ್ಯ ಮಾತ್ರ ಒಂದು ಹನಿಯೂ ಬೇಡ.

ಆಹಾರದಲ್ಲಿ ಅನಗತ್ಯ ಪಥ್ಯವೇ ಹೆಚ್ಚು ಕೆಡುಕು ಮಾಡುತ್ತದೆ. ಎಣ್ಣೆ, ಉಪ್ಪು, ಬೇಳೆ ಎಲ್ಲವನ್ನೂ ಬಿಡಿಸಿ ಬರೀ ಸಕ್ಕರೆ ನೀರು, ಹಣ್ಣಿನ ರಸ ಕೊಟ್ಟರೆ ರೋಗಿ ಸೊರಗುತ್ತಾರೆ, ಲಿವರ್ ಚೇತರಿಸಿಕೊಳ್ಳಲು ಬೇಕಾದ ಪ್ರೋಟೀನೇ ಸಿಗುವುದಿಲ್ಲ. ಜಿಡ್ಡು ವಾಕರಿಕೆ ತರಿಸಿದರೆ ಕಡಿಮೆ ಮಾಡಿ, ಅಷ್ಟೇ ಸಾಕು. ವಾಕರಿಕೆ ಸಾಮಾನ್ಯವಾಗಿ ಸಂಜೆ ಹೊತ್ತಿಗೆ ಹೆಚ್ಚುವುದರಿಂದ ಬೆಳಗಿನ ಊಟವನ್ನೇ ದೊಡ್ಡದು ಮಾಡಿ, ಉಳಿದದ್ದನ್ನು ಸ್ವಲ್ಪಸ್ವಲ್ಪವಾಗಿ ನಾಲ್ಕೈದು ಬಾರಿ ಕೊಡಿ. ವಿಶ್ರಾಂತಿಗೂ ದೇಹದ ಸುಸ್ತೇ ಅಳತೆ. ಹಾಸಿಗೆಯಿಂದ ಏಳಲೇಬಾರದು ಎಂದೇನಿಲ್ಲ, ಆಯಾಸವಾಗುವ ಮೊದಲೇ ಕೂರಬೇಕು, ವ್ಯಾಯಾಮ ಮತ್ತು ಭಾರದ ಕೆಲಸ ಬೇಡ.

ಎಸ್‌ಜಿಪಿಟಿ ಇಳಿದರೆ ಎಲ್ಲರಿಗೂ ಸಮಾಧಾನ. ಆದರೆ ಅದು ಇಳಿಯುತ್ತಿರುವಾಗ ಬಿಲಿರುಬಿನ್ ಮತ್ತು ಐಎನ್‌ಆರ್ ಏರುತ್ತಿದ್ದರೆ, ಸಾಯಲು ಜೀವಕೋಶಗಳೇ ಉಳಿದಿಲ್ಲ ಎಂದು ಅರ್ಥವಾಗಬಹುದು. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಲಿವರ್ ತಯಾರಿಸುತ್ತಿದೆಯೇ ಎಂದು ಹೇಳುವುದು ಐಎನ್‌ಆರ್. ಅದು 1.5 ಮುಟ್ಟಿದರೆ, ಮಾತು ತೊದಲಿದರೆ, ರೋಗಿ ಹಗಲು ಮಲಗಿ ರಾತ್ರಿ ಎಚ್ಚರವಿದ್ದರೆ, ವಸಡಿನಲ್ಲಿ ರಕ್ತ ಬಂದರೆ ಅಥವಾ ವಾಂತಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಗರ್ಭಿಣಿಯಾದರೆ ಇವುಗಳಿಗೂ ಕಾಯಬಾರದು, ಅವರಲ್ಲಿ ಹೆಪಟೈಟಿಸ್ ಇ ಪ್ರಾಣಾಪಾಯ ತರಬಲ್ಲದು. ಮಲ ಬಿಳಿಚಿಕೊಂಡು ಮೈ ತುರಿಸಿದರೆ ಪಿತ್ತನಾಳದಲ್ಲಿ ಅಡಚಣೆ ಇದೆಯೇ ಎಂದು ಸ್ಕ್ಯಾನ್ ಬೇಕು.

ಚೇತರಿಕೆಯಲ್ಲೂ ಮೊದಲು ತಿಳಿಯಾಗುವುದು ಮೂತ್ರವೇ. ಬಿಲಿರುಬಿನ್‌ನ ಒಂದು ಭಾಗ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನಿಗೆ ಬಿಗಿಯಾಗಿ ಅಂಟಿರುತ್ತದೆ, ಅದು ಮೂತ್ರಕ್ಕೆ ಇಳಿಯದು, ಅಲ್ಬುಮಿನ್ ಜೊತೆಗೇ ವಾರಗಟ್ಟಲೆ ಉಳಿಯುತ್ತದೆ. ಮೂತ್ರ ತಿಳಿಯಾಗಿ, ಹಸಿವು ಮರಳಿ, ಐಎನ್‌ಆರ್ ಸರಿಯಿದ್ದರೆ, ಕಣ್ಣಲ್ಲಿ ಉಳಿದ ಹಳದಿಗೆಂದು ಹೊಸ ಔಷಧ ಶುರುಮಾಡುವ ಅಗತ್ಯವಿಲ್ಲ.