ಒಂದೇ ಪೆನ್ನು, ಎರಡು ಬೆಲೆ

1945ರ ಅಕ್ಟೋಬರ್ 29ರಂದು ನ್ಯೂಯಾರ್ಕಿನ ಗಿಂಬೆಲ್ಸ್ ಎಂಬ ದೊಡ್ಡ ಮಳಿಗೆಗೆ ಜನ ನುಗ್ಗಿದರು. ಮಾರಾಟಕ್ಕೆ ಬಂದಿದ್ದು ಒಂದು ಪೆನ್ನು. ಮಸಿ ತುಂಬಿಸುವ ತಾಪತ್ರಯವಿಲ್ಲದ, ತುದಿಯಲ್ಲಿ ಪುಟ್ಟ ಗುಂಡು ಉರುಳುವ ಬಾಲ್‌ಪಾಯಿಂಟ್ ಪೆನ್ನು. ಬೆಲೆ 12 ಡಾಲರ್ 50 ಸೆಂಟ್. ಮಾಡಲು ತಗಲುತ್ತಿದ್ದ ಖರ್ಚು ಸುಮಾರು 80 ಸೆಂಟ್ ಮಾತ್ರ. ಮೊದಲ ದಿನವೇ ಸಾವಿರಾರು ಪೆನ್ನು ಖಾಲಿಯಾದವು. ‘ನೀರಿನೊಳಗೂ ಬರೆಯುತ್ತದೆ’ ಅಂತ ಜಾಹೀರಾತು ಬೇರೆ. ನೀರಿನೊಳಗೆ ಕೂತು ಯಾರು ಏನು ಬರೀತಾರೆ ಅಂತ ಯಾರೂ ಕೇಳಿದ ಹಾಗಿಲ್ಲ.

ಪೆನ್ನು ಮಾರಿದಾತ ಮಿಲ್ಟನ್ ರೆನಾಲ್ಡ್ಸ್, ಚಿಕಾಗೋದ ವ್ಯಾಪಾರಿ. ಬಾಲ್‌ಪಾಯಿಂಟ್ ಆತನ ಆವಿಷ್ಕಾರವಲ್ಲ, ಅದು ಲಾಸ್ಲೋ ಬಿರೋ ಎಂಬ ಹಂಗೇರಿಯನ್ನನದು. ಬಿರೋನ ಪೆನ್ನನ್ನು ರೆನಾಲ್ಡ್ಸ್ ಅರ್ಜೆಂಟೀನಾದಲ್ಲಿ ನೋಡಿದ. ಅಮೆರಿಕದಲ್ಲಿ ಅದನ್ನು ಮಾಡುವ ಹಕ್ಕು ಆಗಲೇ ಎವರ್‌ಶಾರ್ಪ್ ಎಂಬ ಕಂಪನಿಯ ಪಾಲಾಗಿತ್ತು. ಆದ್ದರಿಂದ ಪೇಟೆಂಟಿಗೆ ಸಿಕ್ಕದ ಹಾಗೆ ವಿನ್ಯಾಸವನ್ನು ಬದಲಿಸಿ, ಅವರಿಗಿಂತ ಮೊದಲೇ ಅಂಗಡಿಗೆ ತಂದುಬಿಟ್ಟ.

ಈ ಕಥೆ ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ‘ಇದು ಹಗಲುದರೋಡೆ ಅಲ್ವಾ’ ಅನ್ನುತ್ತಾರೆ. ಖರ್ಚಿನ ಮೇಲೆ ಒಂದಿಷ್ಟು ಲಾಭ ಸೇರಿಸಿದರೆ ಅದೇ ಬೆಲೆ ಅನ್ನುವ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಖರ್ಚು ಹೇಳುವುದು ಎಷ್ಟಕ್ಕಿಂತ ಕೆಳಗೆ ಮಾರಿದರೆ ಕೈ ಸುಡುತ್ತದೆ ಅನ್ನುವುದನ್ನು ಮಾತ್ರ. ಎಷ್ಟಕ್ಕೆ ಮಾರಬಹುದು ಅನ್ನುವುದು ಕೊಳ್ಳುವವರ ತಲೆಯೊಳಗೆ ಇರುತ್ತದೆ. ಆ ತಲೆಗಳೂ ಒಂದೇ ಥರ ಇರುವುದಿಲ್ಲ.

ರೆನಾಲ್ಡ್ಸ್ ಮಾಡಿದ್ದಕ್ಕೆ ಪ್ರೈಸ್ ಸ್ಕಿಮ್ಮಿಂಗ್ ಅನ್ನುತ್ತಾರೆ. ಸ್ಕಿಮ್ ಅಂದರೆ ಹಾಲಿನ ಕೆನೆ ತೆಗೆಯುವುದು. ನಾವು ಕೆನೆ ಬೆಲೆ ಅನ್ನೋಣ. ಮೊದಲು ಜಾಸ್ತಿ ಬೆಲೆ ಇಟ್ಟು ಮೇಲಿನ ಕೆನೆ ತೆಗೆಯುವುದು, ಆಮೇಲೆ ಇಳಿಸಿ ಅದರ ಕೆಳಗಿನ ಪದರ, ಮತ್ತೆ ಇಳಿಸಿ ಇನ್ನೊಂದು ಪದರ. ಇದಕ್ಕೆ ಉಲ್ಟಾ ದಾರಿ ಪೆನೆಟ್ರೇಶನ್ ಪ್ರೈಸಿಂಗ್, ಅಂದರೆ ನುಗ್ಗು ಬೆಲೆ. ಮೊದಲ ದಿನದಿಂದಲೇ ಕಡಿಮೆ ಬೆಲೆ ಇಟ್ಟು ಮಾರುಕಟ್ಟೆಯೊಳಗೆ ನುಗ್ಗಿ ಜಾಗ ಹಿಡಿಯುವುದು.

ಕೆನೆ ಬೆಲೆಯ ಒಳಗುಟ್ಟು ತಿಳಿಯಲು ಒಂದು ಲೆಕ್ಕ ಮಾಡೋಣ. ಒಂದು ಹೊಸ ಯಂತ್ರ ಬಂದಿದೆ. ಮಾಡಲು 200 ಡಾಲರ್ ಖರ್ಚು. ಬೇಕು ಅನ್ನುವವರು ಒಟ್ಟು ಸಾವಿರ ಜನ. ಅವರಲ್ಲಿ 100 ಜನ 1000 ಡಾಲರ್ ಕೊಟ್ಟೂ ಕೊಳ್ಳುವ ಹುಚ್ಚರು. 300 ಜನ 600ರವರೆಗೆ ಕೊಡಬಲ್ಲವರು. ಉಳಿದ 600 ಜನ 300ಕ್ಕಿಂತ ಒಂದು ಕಾಸೂ ಜಾಸ್ತಿ ಬಿಚ್ಚುವವರಲ್ಲ.

ಬೆಲೆ ಒಂದೇ ಇರಬೇಕು ಅಂದರೆ ಯಾವುದು ಒಳ್ಳೆಯದು? 1000 ಇಟ್ಟರೆ 100 ಜನ ಕೊಳ್ಳುತ್ತಾರೆ, ಲಾಭ 80,000. 300 ಇಟ್ಟರೆ ಸಾವಿರ ಜನವೂ ಬರುತ್ತಾರೆ, ಆದರೆ ಒಬ್ಬರಿಂದ ಸಿಗುವುದು 100 ಮಾತ್ರ, ಒಟ್ಟು ಒಂದು ಲಕ್ಷ. 600 ಇಟ್ಟರೆ 400 ಜನ, ಲಾಭ 1,60,000. ಮೂರರಲ್ಲಿ ಇದೇ ಮೇಲು.

ಈಗ ಕೆನೆ ತೆಗೆಯೋಣ. ಮೊದಲು 1000, ಕೆಲವು ತಿಂಗಳ ನಂತರ 600, ಕೊನೆಗೆ 300. ಮೊದಲ ಗುಂಪಿನಿಂದ 80,000, ಎರಡನೆಯದರಿಂದ 1,20,000, ಮೂರನೆಯದರಿಂದ 60,000. ಒಟ್ಟು 2,60,000. ಯಂತ್ರ ಅದೇ, ಜನರೂ ಅವರೇ, ಲಾಭ ಮಾತ್ರ ಒಂದು ಲಕ್ಷ ಜಾಸ್ತಿ. ಬಸ್ಸಿನ ಬಾಗಿಲಲ್ಲಿ ಎಲ್ಲರನ್ನೂ ಒಟ್ಟಿಗೆ ಹತ್ತಿಸದೆ ಒಬ್ಬೊಬ್ಬರನ್ನೇ ಬಿಟ್ಟ ಹಾಗೆ. ಅವಸರ ಇರುವವನು ಮೊದಲು, ಜಾಸ್ತಿ ಕೊಟ್ಟು. ಇಲ್ಲಿ ಜರಡಿಯ ಕೆಲಸ ಮಾಡುತ್ತಿರುವುದು ಕಾಲ.

ನನಗೆ ಬಹಳ ಇಷ್ಟವಾದ ಭಾಗ ಈಗ ಬರುತ್ತದೆ. ಕೊಳ್ಳುವವರೂ ದಡ್ಡರಲ್ಲ. ಬೆಲೆ ಇಳಿದೇ ಇಳಿಯುತ್ತದೆ ಅಂತ ಗೊತ್ತಾದರೆ 1000 ಕೊಡಲು ತಯಾರಿದ್ದವನೂ ‘ತಡಿ, ನೋಡೋಣ’ ಅನ್ನುತ್ತಾನೆ. ಅಂಥ 100 ಜನರಲ್ಲಿ ಅರ್ಧ ಜನ 600ರವರೆಗೆ ಕಾದರು ಅಂದುಕೊಳ್ಳಿ. ಲಾಭ 2,40,000ಕ್ಕೆ ಇಳಿಯುತ್ತದೆ. ಪರವಾಗಿಲ್ಲ. ಸಾವಿರ ಜನವೂ 300 ಆಗುವವರೆಗೆ ಕಾದರೆ? ಸಿಗುವುದು ಬರೀ ಒಂದು ಲಕ್ಷ. ಸುಮ್ನೆ 600 ಅಂತ ಒಂದೇ ಬೆಲೆ ಇಟ್ಟು ಕೂತಿದ್ದರೂ ಇದಕ್ಕಿಂತ 60,000 ಜಾಸ್ತಿ ಬರುತ್ತಿತ್ತು. ಗಿರಾಕಿ ಕಾಯಲು ಕಲಿತ ದಿನ ಕೆನೆ ಬೆಲೆ ಮಾರುವವನನ್ನೇ ಕಚ್ಚುತ್ತದೆ.

ಇದನ್ನು ಅದರ ತುದಿವರೆಗೆ ಯೋಚಿಸಿದವರು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್, 1972ರಲ್ಲಿ. ಬಹುಕಾಲ ಬಾಳುವ ವಸ್ತುವನ್ನು ಒಬ್ಬನೇ ಮಾರುತ್ತಿದ್ದಾನೆ, ಪೈಪೋಟಿಗೆ ಯಾರೂ ಇಲ್ಲ. ಹಾಗಿದ್ದರೂ ಅವನಿಗೆ ಒಬ್ಬ ಎದುರಾಳಿ ಇದ್ದಾನೆ: ಮುಂದಿನ ತಿಂಗಳ ಅವನೇ. ಇವತ್ತಿನ ಅವನು ಜಾಸ್ತಿ ಬೆಲೆ ಹೇಳುತ್ತಾನೆ, ಮುಂದಿನ ತಿಂಗಳ ಅವನು ಉಳಿದ ಗಿರಾಕಿಗಳಿಗಾಗಿ ಇಳಿಸಲೇಬೇಕು. ಇದು ಎಲ್ಲರಿಗೂ ಗೊತ್ತು. ಬೆಲೆಯನ್ನು ಬೇಗ ಬೇಗ ಬದಲಿಸಲು ಸಾಧ್ಯವಿದ್ದು, ಕಾಯುವುದು ಜನರಿಗೆ ಕಷ್ಟವಲ್ಲದಿದ್ದರೆ, ಅವನು ಮೊದಲ ದಿನವೇ ಹೆಚ್ಚುಕಡಿಮೆ ಖರ್ಚಿನ ಬೆಲೆಗೆ ಬಂದು ನಿಲ್ಲಬೇಕಾಗುತ್ತದೆ.

ಹಾಗಾಗಿ ಕೆನೆ ಬೆಲೆ ನಡೆಯಬೇಕಾದರೆ ಕಾಯುವುದು ಕಷ್ಟವಾಗಿರಬೇಕು. ರೆನಾಲ್ಡ್ಸ್‌ಗೆ ಈ ಅದೃಷ್ಟವಿತ್ತು. ಯುದ್ಧ ಆಗಷ್ಟೇ ಮುಗಿದಿತ್ತು. ಎರಡು ತಿಂಗಳಲ್ಲಿ ಕ್ರಿಸ್‌ಮಸ್. ಉಡುಗೊರೆ ಕೊಡುವವನು ‘ಮುಂದಿನ ವರ್ಷ ಅಗ್ಗ ಆಗುತ್ತೆ’ ಅಂತ ಕೂರಲು ಆಗುತ್ತದೆಯೇ? ಇನ್ನೊಂದು ಬೇಕಾದದ್ದು, ಬೇರೆಯವರು ಅದನ್ನೇ ತರಲು ಹಿಡಿಯುವ ಸಮಯ. ಅದು ಆತನಿಗೆ ಸ್ವಲ್ಪವೇ ಸಿಕ್ಕಿತು. ಗಟ್ಟಿ ಪೇಟೆಂಟ್ ಇರಲಿಲ್ಲ. 1946ರಲ್ಲಿ ಎವರ್‌ಶಾರ್ಪ್ ಬಂತು, ಹಿಂದೆಯೇ ಇನ್ನೂ ಎಷ್ಟೋ ಕಂಪನಿಗಳು ಬಂದವು. ಮಸಿ ಸೋರುತ್ತದೆ ಅನ್ನುವ ದೂರುಗಳೂ ಶುರುವಾದವು. ಬೆಲೆ ಕುಸಿಯಿತು. ಮೂರೇ ವರ್ಷದಲ್ಲಿ ಅಂಥ ಪೆನ್ನು ಒಂದು ಡಾಲರಿಗೂ ಕಡಿಮೆಗೆ ಸಿಗುತ್ತಿತ್ತು. ಅಷ್ಟರೊಳಗೆ ರೆನಾಲ್ಡ್ಸ್ ಕೆನೆ ತಿಂದಾಗಿತ್ತು.

ಬೆಲೆಯನ್ನು ತೀರಾ ಬೇಗ ಇಳಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಮೊದಲ ಐಫೋನ್ ಸಾಕ್ಷಿ. 2007ರ ಜೂನ್ 29ಕ್ಕೆ 599 ಡಾಲರ್. ಸೆಪ್ಟೆಂಬರ್ 5ಕ್ಕೆ ಅದೇ ಫೋನ್ 399. ಮೊದಲ ದಿನ ಸಾಲು ನಿಂತು ಕೊಂಡ ಅಭಿಮಾನಿಗಳೇ ಸಿಡಿದೆದ್ದರು. ಮರುದಿನವೇ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಅವರಿಗೆ 100 ಡಾಲರಿನ ಖರೀದಿ ಕ್ರೆಡಿಟ್ ಕೊಡಬೇಕಾಯಿತು. ಅದು ಬರೀ ಸಮಾಧಾನದ ಹಣವಲ್ಲ. ‘ಮುಂದಿನ ಸಲ ಕಾಯಬೇಡಿ, ನಿಮ್ಮ ಕೈಬಿಡಲ್ಲ’ ಅನ್ನುವ ಭರವಸೆಯ ಖರ್ಚೂ ಹೌದು. ನಾನೂ ಒಮ್ಮೆ ಹೊಸ ಹೆಡ್‌ಫೋನ್ ಕೊಂಡ ಮೂರನೇ ವಾರಕ್ಕೆ ಬೆಲೆ ಮೂರನೇ ಒಂದು ಭಾಗ ಇಳಿಯಿತು. ಅಲ್ಲಿಂದ ಆ ಕಂಪನಿಯ ಏನೇ ಬಂದರೂ ಆರು ತಿಂಗಳು ಆ ಕಡೆ ತಿರುಗಿ ನೋಡುವುದಿಲ್ಲ. ಅವರ ಕೆನೆಯಲ್ಲಿ ನನ್ನ ಪಾಲು ಮುಗಿಯಿತು.

ಈಗ ಅದೇ ಪೆನ್ನಿನ ಎರಡನೇ ಕಥೆ. 1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ಮಾರ್ಸೆಲ್ ಬಿಶ್ ತನ್ನ ಬಾಲ್‌ಪಾಯಿಂಟನ್ನು ಹೊರತಂದ. ಅದೇ ಬಿಕ್ ಕ್ರಿಸ್ಟಲ್. ಆರು ಮೂಲೆಯ ಪಾರದರ್ಶಕ ದೇಹ, ಮಸಿ ಎಷ್ಟು ಉಳಿದಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಹೊಸತನದ ಕೆನೆ ಆಗಲೇ ಯಾರೋ ತಿಂದು ಹೋಗಿದ್ದರು. ಉಳಿದಿದ್ದವರು ಬರೆಯಲು ಏನಾದರೂ ಬೇಕು ಅನ್ನುವ ಕೋಟಿಗಟ್ಟಲೆ ಸಾಮಾನ್ಯರು. ಅವರಿಗೆ ಹತ್ತಿರವಾಗಲು ಬೆಲೆ ತಳ ಮುಟ್ಟಬೇಕು. ಆದರೆ ಗುಂಡು ಮತ್ತು ಅದರ ಗೂಡು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಕೂರಬೇಕು, ಇಲ್ಲದಿದ್ದರೆ ಮಸಿ ಸೋರುತ್ತದೆ ಅಥವಾ ನಿಲ್ಲುತ್ತದೆ. ಅದಕ್ಕೆ ಬಿಶ್ ಸ್ವಿಸ್ ಕೈಗಡಿಯಾರ ಮಾಡುವಂಥ ಸೂಕ್ಷ್ಮ ಯಂತ್ರಗಳನ್ನು ತಂದ. ಅಂಥ ಯಂತ್ರ ದುಬಾರಿ. ಆದರೆ ಅದರ ಖರ್ಚು ಲಕ್ಷ ಪೆನ್ನಿನ ಮೇಲೆ ಹಂಚಿದರೆ ಒಂದು ಮಾತು, ಕೋಟಿ ಪೆನ್ನಿನ ಮೇಲೆ ಹಂಚಿದರೆ ಇನ್ನೊಂದು ಮಾತು.

ಇದಕ್ಕೆ ಇನ್ನೊಂದು ಮುಖವೂ ಇದೆ. 1936ರಲ್ಲಿ ಥಿಯೋಡರ್ ರೈಟ್ ಎಂಬ ಎಂಜಿನಿಯರ್ ವಿಮಾನ ಕಾರ್ಖಾನೆಗಳ ಲೆಕ್ಕ ನೋಡಿ ಒಂದು ವಿಚಿತ್ರ ಕಂಡುಕೊಂಡ. ಒಟ್ಟು ಮಾಡಿದ ವಿಮಾನಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಒಂದು ವಿಮಾನಕ್ಕೆ ಬೇಕಾಗುವ ದುಡಿಮೆ ಸುಮಾರು ಶೇ. 20 ಇಳಿಯುತ್ತಿತ್ತು. ಕೈ ಪಳಗುತ್ತದೆ, ಹಾಳಾಗುವ ಮಾಲು ಕಡಿಮೆಯಾಗುತ್ತದೆ. ಒಂದು ಕಾಲ್ಪನಿಕ ಪೆನ್ನಿನ ಇಡೀ ಖರ್ಚಿಗೆ ಇದನ್ನೇ ಹಚ್ಚಿ ನೋಡಿ. ಸಾವಿರನೇ ಪೆನ್ನಿಗೆ 10 ಸೆಂಟ್ ಖರ್ಚಾದರೆ ಎರಡು ಸಾವಿರನೆಯದಕ್ಕೆ 8, ನಾಲ್ಕು ಸಾವಿರನೆಯದಕ್ಕೆ 6.4, ಎಂಟು ಸಾವಿರನೆಯದಕ್ಕೆ 5.1. ಮೊದಲ ದಿನದಿಂದಲೇ 6 ಸೆಂಟಿಗೆ ಮಾರಿದರೆ ಹೆಚ್ಚುಕಡಿಮೆ ಐದು ಸಾವಿರ ಮುಟ್ಟುವವರೆಗೆ ಪ್ರತಿ ಪೆನ್ನಿಗೂ ನಷ್ಟ. ಆಮೇಲೆ ಲಾಭ. ತಡವಾಗಿ ಬಂದವನು 10 ಸೆಂಟಿಗೂ ಜಾಸ್ತಿ ಖರ್ಚಿನಿಂದ ಶುರು ಮಾಡಬೇಕು, ಆದರೆ ಅಂಗಡಿಯಲ್ಲಿ ಬೆಲೆ 6. ಅವನು ಬಾಗಿಲಲ್ಲೇ ನಿಲ್ಲುತ್ತಾನೆ. ಆದರೆ ಈ ಇಳಿಜಾರು ಕೊನೆತನಕ ಹೀಗೆ ಓಡುವುದಿಲ್ಲ. ಸಾವಿರವನ್ನು ಎರಡು ಸಾವಿರ ಮಾಡಲು ವಾರ ಸಾಕು, ಕೋಟಿಯನ್ನು ಎರಡು ಕೋಟಿ ಮಾಡಲು ವರ್ಷಗಳೇ ಬೇಕಾಗಬಹುದು.

ನುಗ್ಗು ಬೆಲೆ ಅಂದರೆ ಸುಮ್ನೆ ಅಗ್ಗಕ್ಕೆ ಮಾರುವುದಲ್ಲ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಇವತ್ತಿನ ಮಾರಾಟ ನಾಳೆಯ ಮಾರಾಟವನ್ನು ಅಗ್ಗ ಮಾಡಬೇಕು, ಇಲ್ಲವೇ ಜನ ಸೇರಿದಷ್ಟೂ ವಸ್ತುವಿನ ಉಪಯೋಗವೇ ಹೆಚ್ಚಬೇಕು. ಎರಡೂ ಇಲ್ಲದಿದ್ದರೆ ಅದು ಬಿಟ್ಟಿ ಹಂಚಿಕೆ. ಅಮೆರಿಕದ ಮೂವೀಪಾಸ್ ಮಾಡಿದ್ದು ಅದನ್ನೇ. 2017ರ ಆಗಸ್ಟಿನಲ್ಲಿ ತಿಂಗಳಿಗೆ 9.95 ಡಾಲರಿಗೆ ದಿನಕ್ಕೊಂದು ಸಿನಿಮಾ ನೋಡಿ ಅಂತ ಹೇಳಿತು. ಅಲ್ಲಿ ಆಗ ಒಂದು ಟಿಕೆಟ್ಟೇ ಸರಾಸರಿ 9 ಡಾಲರ್ ಹತ್ತಿರ ಇತ್ತು. ಜನ ಮುಗಿಬಿದ್ದರು, ಚಂದಾದಾರರು ವರ್ಷದೊಳಗೆ 30 ಲಕ್ಷ ಮುಟ್ಟಿದರು. ಆದರೆ ಕಂಪನಿ ಥಿಯೇಟರುಗಳಿಗೆ ಬಹುಪಾಲು ಟಿಕೆಟ್ಟಿನ ಪೂರ್ತಿ ಬೆಲೆ ಕೊಡುತ್ತಿತ್ತು. ಹತ್ತನೇ ಟಿಕೆಟ್ಟು ಮೊದಲನೆಯದಕ್ಕಿಂತ ಒಂದು ಪೈಸೆಯೂ ಅಗ್ಗವಲ್ಲ. ಸಿನಿಮಾ ಹುಚ್ಚು ಜಾಸ್ತಿ ಇದ್ದವರೇ ಮೊದಲು ಸೇರಿದರು, ಅವರಿಂದಲೇ ನಷ್ಟವೂ ಜಾಸ್ತಿ. ಆಮೇಲೆ ಬೆಲೆ, ನಿಯಮ ಏನೇ ಬದಲಿಸಿದರೂ ಜನ ಸಿಟ್ಟಾದರು. 9.95 ಅನ್ನುವುದೇ ಅವರ ಮನಸ್ಸಿನಲ್ಲಿ ‘ಸರಿಯಾದ ಬೆಲೆ’ಯಾಗಿ ಕೂತಿತ್ತು. 2019ರ ಸೆಪ್ಟೆಂಬರಿನಲ್ಲಿ ಸೇವೆ ನಿಂತಿತು.

ಬಿಶ್ ಬೆಲೆ ಏರಿಸುವುದನ್ನು ನಂಬಿ ಕೂತಿರಲಿಲ್ಲ. ಆತನ ಲಾಭ ಖರ್ಚು ಇಳಿಯುವುದರಲ್ಲಿ ಇತ್ತು, ಬೆಲೆ ಏರುವುದರಲ್ಲಿ ಅಲ್ಲ. 1959ರಲ್ಲಿ ಬಿಕ್ ಪೆನ್ನು ಅಮೆರಿಕಕ್ಕೆ ಬಂತು, 29 ಸೆಂಟಿಗೆ. ಆಮೇಲೆ 19ಕ್ಕೆ ಇಳಿಯಿತು. ಹದಿನಾಲ್ಕು ವರ್ಷದ ಹಿಂದೆ ಗಿಂಬೆಲ್ಸ್‌ನಲ್ಲಿ ಒಂದು ಪೆನ್ನಿಗೆ ಕೊಟ್ಟ ದುಡ್ಡಿಗೆ 29 ಸೆಂಟಿನ ಲೆಕ್ಕದಲ್ಲೇ 43 ಬರುತ್ತಿದ್ದವು, ಇನ್ನೂ ಮೂರು ಸೆಂಟ್ ಚಿಲ್ಲರೆ ಉಳಿಯುತ್ತಿತ್ತು.