ಒಂದೇ ರೋಲ್ ಖಾಲಿಯೂ ಹೌದು, ತುಂಬಿದ್ದೂ ಹೌದು?

ದಾವಣಗೆರೆಯ ಹೊರಗೆ ಬಟ್ಟೆ ಸುತ್ತುವ ಒಂದು ಸಣ್ಣ ಘಟಕವಿದೆ. ಅಲ್ಲಿನ ಮೋಟಾರ್ ಡ್ರೈವ್‌ಗಳನ್ನು ಹೊಂದಿಸಿಕೊಡುವುದು ನನ್ನ ಕೆಲಸ. ಹೋದ ಸಲ ಹೋದಾಗ ಮೇಸ್ತ್ರಿ ಒಂದು ಯಂತ್ರದ ಹತ್ತಿರ ಕರೆದುಕೊಂಡು ಹೋದರು. "ರೋಲ್ ಖಾಲಿ ಇದ್ದಾಗ ಪರವಾಗಿಲ್ರಿ ಸರ್. ತುಂಬ್ತಾ ಬಂತು ಅಂದ್ರೆ ಸ್ಪೀಡು ತೂಗಾಡಕ್ಕೆ ಶುರು ಮಾಡ್ತೈತಿ" ಅಂದರು.

ಅಲ್ಲೇ ಇಂಟರ್ನ್‌ಶಿಪ್ ಮಾಡುತ್ತಿದ್ದ ಹುಡುಗನೊಬ್ಬ ನೋಟ್‌ಬುಕ್ ಹಿಡಿದು ನಿಂತಿದ್ದ. "ಸರ್, ನಾನು ಖಾರಿತೊನೊವ್ ಲೆಕ್ಕ ಮಾಡಿದೆ. ನಾಲ್ಕರಲ್ಲಿ ಒಂದು ಫೇಲ್. ಸಿಸ್ಟಮ್ ಅನ್‌ಸ್ಟೇಬಲ್."

ಲೆಕ್ಕ ನೋಡುವ ಮೊದಲು ಯಂತ್ರವನ್ನೇ ನೋಡಿದೆ. ತುಂಬಿದ ರೋಲ್ ಹಾಕಿ ವೇಗವನ್ನು ಸ್ವಲ್ಪ ಬದಲಿಸಿದರೆ, ಮೀಟರಿನ ಮುಳ್ಳು ಸುಮಾರು 4 ಸೆಕೆಂಡಿಗೊಮ್ಮೆ ಹೋಗಿ ಬರುತ್ತಿತ್ತು. ಆದರೆ ಪ್ರತಿ ತೂಗಾಟವೂ ಹಿಂದಿನದರ ಅರ್ಧಕ್ಕಿಂತ ಚೂರು ಜಾಸ್ತಿ, ಅಷ್ಟೇ. ಬೆಳೆಯುತ್ತಿರಲಿಲ್ಲ, ಕುಗ್ಗುತ್ತಿತ್ತು. ಅಸ್ಥಿರ ವ್ಯವಸ್ಥೆ ಹಾಗೆ ಮಾಡುವುದಿಲ್ಲ. ಹಾಗಾದರೆ ಹುಡುಗನ ಲೆಕ್ಕ ತಪ್ಪಾ? ಲೆಕ್ಕ ಸರಿಯಾಗಿಯೇ ಇತ್ತು. ಎಡವಿದ್ದು ಅದರಿಂದ ತೆಗೆದ ತೀರ್ಮಾನದಲ್ಲಿ.

ಯಂತ್ರದ ಸಮೀಕರಣ ಸರಳವಾಗಿದೆ. ರೋಲ್ ಮತ್ತು ಮೋಟಾರಿನ ಒಟ್ಟು ಜಡತ್ವ J. ರೋಲ್ ಖಾಲಿ ಇದ್ದಾಗ 0.5 ಕೆ.ಜಿ.ಮೀ², ತುಂಬಿದಾಗ 2. ಘರ್ಷಣೆ b, ಬೇರಿಂಗ್ ಬಿಸಿಯಾದಂತೆ 0.1ರಿಂದ 0.3ರವರೆಗೆ ಓಡಾಡುತ್ತದೆ. ಡ್ರೈವ್ ಹೇಳಿದ ಟಾರ್ಕ್ ಮೋಟಾರಿನಲ್ಲಿ ಬರಲು 0.1 ಸೆಕೆಂಡಿನ ವಿಳಂಬ. ಪಿಐ ಕಂಟ್ರೋಲರ್‌ನಲ್ಲಿ Kp = 1, Ki = 5 ಎಂದು ಹಾಕಿದ್ದರು. ಇವೆಲ್ಲ ಸೇರಿದರೆ ಬರುವ ಕ್ಯಾರೆಕ್ಟರಿಸ್ಟಿಕ್ ಬಹುಪದೋಕ್ತಿ ಇದು:

```
0.1J s³ + (J + 0.1b) s² + (b + Kp) s + Ki
```

ಇದರ ಮೂಲಗಳೆಲ್ಲ ಸಂಕೀರ್ಣ ಸಮತಲದ ಎಡ ಅರ್ಧದಲ್ಲಿ ಇದ್ದರೆ ವ್ಯವಸ್ಥೆ ಸ್ಥಿರ. ಒಂದೇ J, ಒಂದೇ b ಆಗಿದ್ದರೆ ರೌತ್ ಪಟ್ಟಿ ಹಾಕಿ ಎರಡು ನಿಮಿಷದಲ್ಲಿ ಹೇಳಬಹುದು. ಆದರೆ ಇಲ್ಲಿ J, b ಎರಡೂ ಒಂದು ವ್ಯಾಪ್ತಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು. ಅಂದರೆ ಲೆಕ್ಕವಿಲ್ಲದಷ್ಟು ಬಹುಪದೋಕ್ತಿಗಳು. ಎಲ್ಲವನ್ನೂ ಪರೀಕ್ಷಿಸುವುದು ಹೇಗೆ?

1978ರಲ್ಲಿ ಸೋವಿಯತ್ ಗಣಿತಜ್ಞ ಖಾರಿತೊನೊವ್ ಇದಕ್ಕೆ ಕೊಟ್ಟ ಉತ್ತರ ಇವತ್ತಿಗೂ ನನಗೆ ಸೋಜಿಗ. ಪ್ರತಿ ಸಹಗುಣಕಕ್ಕೂ ಕನಿಷ್ಠ, ಗರಿಷ್ಠ ಗೊತ್ತಿರಲಿ. ಅವು ಒಂದಕ್ಕೊಂದು ಸಂಬಂಧವಿಲ್ಲದೆ ಓಡಾಡಲಿ. ಎಲ್ಲವನ್ನೂ ನೋಡಬೇಕಿಲ್ಲ, ನಾಲ್ಕನ್ನು ನೋಡಿದರೆ ಸಾಕು. ಆ ನಾಲ್ಕೂ ಸ್ಥಿರವಾಗಿದ್ದರೆ ವ್ಯಾಪ್ತಿಯೊಳಗಿನ ಎಲ್ಲವೂ ಸ್ಥಿರ. ಡಿಗ್ರಿ ಮೂರೇ ಇರಲಿ, ಮೂವತ್ತೇ ಇರಲಿ, ನಾಲ್ಕೇ. ಒಂದು ಷರತ್ತು ಮಾತ್ರ ಇದೆ: ಅತಿ ದೊಡ್ಡ ಘಾತದ ಸಹಗುಣಕದ ವ್ಯಾಪ್ತಿಯಲ್ಲಿ ಸೊನ್ನೆ ಬರಬಾರದು. ಬಂದರೆ ಡಿಗ್ರಿಯೇ ಕಡಿಮೆಯಾಗಿ ಲೆಕ್ಕ ಕೆಡುತ್ತದೆ.

ನಾಲ್ಕನ್ನು ಬರೆಯುವ ಕ್ರಮ ಹೀಗೆ. s ಇಲ್ಲದ ಪದ a0, sನ ಸಹಗುಣಕ a1, s²ನದು a2, ಹೀಗೆ. a0ಯಿಂದ ಶುರು ಮಾಡಿ, ಕನಿಷ್ಠಕ್ಕೆ −, ಗರಿಷ್ಠಕ್ಕೆ + ಎಂದು ಗುರುತಿಸಿ:

```
      a0  a1  a2  a3
K1:   −   −   +   +
K2:   +   +   −   −
K3:   +   −   −   +
K4:   −   +   +   −
```

ಡಿಗ್ರಿ ಹೆಚ್ಚಿದ್ದರೆ ಅದೇ ನಾಲ್ಕು ಗುರುತು ಮತ್ತೆ ಮೊದಲಿನಿಂದ ಬರುತ್ತದೆ. ಪರೀಕ್ಷೆಗೆ ಮುಂಚೆ ಹುಡುಗರು ಇದನ್ನು ಬಾಯಿಪಾಠ ಮಾಡುತ್ತಾರೆ, ಆಮೇಲೆ ಮರೆಯುತ್ತಾರೆ. ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಬಾಯಿಪಾಠವೇ ಬೇಡ.

s ಇರುವ ಕಡೆ jω ಹಾಕಿ ನೋಡಿ. s² ಅಂದರೆ −ω². ಹಾಗಾಗಿ a0, a2 ಎರಡೂ ವಾಸ್ತವ ಭಾಗಕ್ಕೆ ಹೋಗುತ್ತವೆ: a0 − a2ω². a1, a3 ಕಾಲ್ಪನಿಕ ಭಾಗಕ್ಕೆ: ω(a1 − a3ω²). ವಾಸ್ತವ ಭಾಗ ಅತಿ ಕಡಿಮೆಯಾಗಬೇಕಾದರೆ a0 ಕಡಿಮೆ, a2 ಜಾಸ್ತಿ ಇರಬೇಕು. ಅತಿ ಹೆಚ್ಚಾಗಬೇಕಾದರೆ ಉಲ್ಟಾ. ಕಾಲ್ಪನಿಕ ಭಾಗಕ್ಕೂ ಇದೇ ಮಾತು. ಎರಡು ಭಾಗಗಳಿಗೂ ಬೇರೆ ಬೇರೆ ಸಹಗುಣಕಗಳು ಇರುವುದರಿಂದ ಒಂದರ ಹಂಗು ಇನ್ನೊಂದಕ್ಕಿಲ್ಲ. ಆದ್ದರಿಂದ ಒಂದು ω ಹಿಡಿದರೆ, ಎಲ್ಲ ಬಹುಪದೋಕ್ತಿಗಳ ಬೆಲೆಗಳೂ ಸೇರಿ ಒಂದು ಆಯತ ಆಗುತ್ತವೆ. ಎಡ-ಕೆಳ ಮೂಲೆ K1, ಬಲ-ಮೇಲೆ K2, ಬಲ-ಕೆಳಗೆ K3, ಎಡ-ಮೇಲೆ K4. ω ಬದಲಾದಂತೆ ಆಯತ ಸರಿಯುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಯಾವತ್ತೂ ಓರೆಯಾಗುವುದಿಲ್ಲ. ಬದಿಗಳು ಅಕ್ಷಗಳಿಗೆ ಸಮಾಂತರವಾಗಿಯೇ ಇರುತ್ತವೆ.

ಈಗ ಮುಖ್ಯ ಮಾತು. ಸ್ಥಿರವಾಗಿದ್ದ ಬಹುಪದೋಕ್ತಿ ಅಸ್ಥಿರ ಆಗಬೇಕಾದರೆ ಅದರ ಮೂಲ ಕಾಲ್ಪನಿಕ ಅಕ್ಷವನ್ನು ದಾಟಲೇಬೇಕು. ಅಂದರೆ ಯಾವುದೋ ಒಂದು ω ಬಂದಾಗ ಆಯತ ಮೂಲಬಿಂದುವನ್ನು ಮುಟ್ಟಬೇಕು. ಮೂಲೆ ಮುಟ್ಟುವಂತಿಲ್ಲ, ನಾಲ್ಕೂ ಮೂಲೆಗಳು ಸ್ಥಿರ ಅಂತ ನೋಡಿ ಆಗಿದೆ. ಬದಿ ಮುಟ್ಟಬಹುದಾ? ಕೆಳಗಿನ ಬದಿ ಮೂಲಬಿಂದುವಿನ ಮೇಲೆ ಬಂತು ಅಂದುಕೊಳ್ಳಿ. ಆಗ K1 ಅದರ ಎಡಕ್ಕೆ, K3 ಬಲಕ್ಕೆ ಇರುತ್ತದೆ. ಸ್ಥಿರ ಬಹುಪದೋಕ್ತಿಯ ಬಿಂದು, ω ಹೆಚ್ಚಿದಂತೆ ಮೂಲಬಿಂದುವಿನ ಸುತ್ತ ಗಡಿಯಾರದ ಉಲ್ಟಾ ದಿಕ್ಕಿಗೇ ತಿರುಗುತ್ತದೆ. ಹಾಗಾದರೆ ಮರುಕ್ಷಣ ಎಡಗಡೆಯ K1 ಕೆಳಕ್ಕೆ ಹೋಗಬೇಕು, ಬಲಗಡೆಯ K3 ಮೇಲಕ್ಕೆ ಹೋಗಬೇಕು. ಬದಿ ಓರೆಯಾಗುತ್ತದೆ. ಓರೆಯಾಗುವಂತಿಲ್ಲ ಅಂತ ಈಗಷ್ಟೇ ನೋಡಿದೆವು. ಆದ್ದರಿಂದ ಮುಟ್ಟುವುದೇ ಇಲ್ಲ. ಮಿಕ್ಕ ಮೂರು ಬದಿಗಳಿಗೂ ಇದೇ ವಾದ.

ಹುಡುಗನ ನೋಟ್‌ಬುಕ್ಕಿಗೆ ಬರೋಣ. ಅವನು ಬರೆದ ವ್ಯಾಪ್ತಿಗಳು: a0 = 5 (ಅದು ನಾವೇ ಹಾಕಿದ ಸಂಖ್ಯೆ, ಬದಲಾಗುವುದಿಲ್ಲ), a1 1.1ರಿಂದ 1.3, a2 0.51ರಿಂದ 2.03, a3 0.05ರಿಂದ 0.2. ಮೂರನೇ ಡಿಗ್ರಿಗೆ, ಸಹಗುಣಕಗಳೆಲ್ಲ ಧನ ಇದ್ದರೆ, ಪರೀಕ್ಷೆ ಒಂದೇ: a1·a2 > a0·a3.

```
K1: 1.1 × 2.03 = 2.233 > 1.00   ಪಾಸ್
K2: 1.3 × 0.51 = 0.663 > 0.25   ಪಾಸ್
K3: 1.1 × 0.51 = 0.561 < 1.00   ಫೇಲ್
K4: 1.3 × 2.03 = 2.639 > 0.25   ಪಾಸ್
```

ಮೂರನೇ ಡಿಗ್ರಿಗೆ ನಿಜವಾಗಿ K3 ಒಂದನ್ನೇ ನೋಡಿದರೂ ಸಾಕಿತ್ತು. ಅಸಮಾನತೆಯ ಎಡಗಡೆ ಅತಿ ಸಣ್ಣದಾಗಿ, ಬಲಗಡೆ ಅತಿ ದೊಡ್ಡದಾಗಿ ಇರುವುದು ಅದರಲ್ಲೇ. ನಾಲ್ಕನೇ ಡಿಗ್ರಿಗೆ ಎರಡು, ಐದನೆಯದಕ್ಕೆ ಮೂರು ಸಾಕು. ಆರರಿಂದ ಮೇಲೆ ನಾಲ್ಕೂ ಬೇಕು.

"K3ಯಲ್ಲಿ a2 ಎಷ್ಟು ಹಾಕಿದೀಯಪ್ಪಾ?" ಅಂದೆ.

"0.51 ಸರ್."

"ಅದು ಯಾವ ರೋಲಿಂದು?"

"J 0.5... ಖಾಲಿ ರೋಲು."

"a3?"

"0.2. ಅದು J 2..." ಅಂದವನು ಅಲ್ಲಿಗೇ ನಿಲ್ಲಿಸಿ ನಕ್ಕ.

ವಿಷಯ ಇಷ್ಟೇ. K3 ಫೇಲ್ ಆಗಿದ್ದು, ಅದೇ ಕ್ಷಣದಲ್ಲಿ ಖಾಲಿಯೂ ತುಂಬಿದ್ದೂ ಆಗಿರುವ ಒಂದು ರೋಲಿಗೆ. ಅಂಥ ರೋಲ್ ದಾವಣಗೆರೆಯಲ್ಲಿ ಇಲ್ಲ, ಎಲ್ಲೂ ಇಲ್ಲ. ಪ್ರಮೇಯ ಕೇಳುವುದು ಸಹಗುಣಕಗಳು ಸ್ವತಂತ್ರವಾಗಿ ಬದಲಾಗಬೇಕು ಅಂತ. ನಮ್ಮಲ್ಲಿ a2, a3 ಎರಡನ್ನೂ J ಒಂದೇ ಎಳೆದಾಡುತ್ತದೆ. ಹಾಗಿದ್ದಾಗ ನಾಲ್ಕೂ ಪಾಸ್ ಆದರೆ ನೆಮ್ಮದಿ, ಉತ್ತರ ಪೂರ್ತಿ ನಂಬಬಹುದು. ಒಂದು ಫೇಲ್ ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಸಹಗುಣಕಗಳ ಆ ವ್ಯಾಪ್ತಿಗಳೊಳಗೆ ನಿಜವಾದ ಯಂತ್ರಗಳ ಜೊತೆ ಇಲ್ಲದ ಯಂತ್ರಗಳೂ ತುಂಬಿಕೊಂಡಿವೆ, ಫೇಲ್ ಆಗಿದ್ದು ಅದರಲ್ಲಿ ಒಂದಿರಬಹುದು.

ಬಿಡಿಸಿಕೊಳ್ಳುವ ದಾರಿ ಸುಲಭ. Jಯ ವ್ಯಾಪ್ತಿಯನ್ನು ತುಂಡು ಮಾಡಿ. 0.5ರಿಂದ 1 ಒಂದು ತುಂಡು, 1ರಿಂದ 2 ಇನ್ನೊಂದು. ಪ್ರತಿ ತುಂಡಿಗೂ K3 ಬೇರೆಯಾಗಿ ನೋಡಿ:

```
J 0.5–1: 1.1 × 0.51 = 0.561 > 5 × 0.1 = 0.5   ಪಾಸ್
J 1–2:   1.1 × 1.01 = 1.111 > 5 × 0.2 = 1.0   ಪಾಸ್
```

ಎರಡೇ ತುಂಡಿಗೆ ಮುಗಿಯಿತು. ಖಾಲಿಯಿಂದ ತುಂಬುವವರೆಗೆ ಯಂತ್ರ ಸ್ಥಿರ ಅಂತ ಖಾತ್ರಿಯಾಯಿತು, ಮೀಟರಿನ ಮುಳ್ಳೂ ಅದನ್ನೇ ಹೇಳಿತ್ತು. ಡ್ರೈವಿನ ವಿಳಂಬ 0.1 ಅಂತ ಅಷ್ಟು ಖಚಿತವಿಲ್ಲ, 0.08ರಿಂದ 0.12 ಇರಬಹುದು ಅಂದರೆ ಎರಡು ತುಂಡು ಸಾಲುವುದಿಲ್ಲ. 0.8 ಮತ್ತು 1.3ರಲ್ಲಿ ಕತ್ತರಿಸಿ ಮೂರು ಮಾಡಿದರೆ ಮತ್ತೆ ಎಲ್ಲ ಪಾಸ್.

ಹಾಗಂತ ತುಂಡು ಮಾಡುತ್ತಾ ಹೋದರೆ ಎಲ್ಲವೂ ಪಾಸ್ ಆಗಿಬಿಡುತ್ತದೆ ಅಂದುಕೊಳ್ಳಬೇಡಿ. Ki ಅನ್ನು 12 ಮಾಡಿ ನೋಡಿ. b 0.1, J 2 ಇರುವ ನಿಜವಾದ ಯಂತ್ರಕ್ಕೇ 1.1 × 2.01 = 2.211, ಎದುರಿಗೆ 12 × 0.2 = 2.4. ಇದು ಫೇಲ್. ಎಷ್ಟು ಸಣ್ಣಗೆ ಕತ್ತರಿಸಿದರೂ ಈ ಯಂತ್ರ ಯಾವುದೋ ಒಂದು ತುಂಡಿನಲ್ಲಿ ಕೂತೇ ಇರುತ್ತದೆ. ಆದ್ದರಿಂದ ಯಾವುದಾದರೂ ತುಂಡು ಫೇಲ್ ಆದಾಗ ನಾನು ಮೊದಲು ಅದರೊಳಗಿನ ಒಂದು ನಿಜವಾದ J, b ಜೋಡಿಯನ್ನು ಹಾಕಿ ನೋಡುತ್ತೇನೆ. ಅದೂ ಫೇಲ್ ಆದರೆ ಕತ್ತರಿ ಕೆಳಗಿಟ್ಟು ಗೇನ್ ಬದಲಿಸುವುದೇ ಸರಿ.

ಇನ್ನೊಂದು ಎಚ್ಚರಿಕೆ. J ನಮಗೆ ಗೊತ್ತಿಲ್ಲ, ಆದರೆ ಸ್ಥಿರವಾಗಿ ಒಂದು ಬೆಲೆಯಲ್ಲಿದೆ ಅಂತ ಪ್ರಮೇಯ ಅಂದುಕೊಳ್ಳುತ್ತದೆ. ಓಡುತ್ತಿರುವಾಗಲೇ ಬದಲಾಗುವ Jಗೆ ಅದು ಗ್ಯಾರಂಟಿ ಕೊಡುವುದಿಲ್ಲ. ನಮ್ಮ ರೋಲ್ ತುಂಬಲು ಮುಕ್ಕಾಲು ಗಂಟೆ ಬೇಕು, ತೂಗಾಟ 4 ಸೆಕೆಂಡಿನದು. ಹಾಗಾಗಿ ಇಲ್ಲಿ ತೊಂದರೆ ಇಲ್ಲ. ಭಾರ ಕ್ಷಣಕ್ಷಣಕ್ಕೂ ಬದಲಾಗುವ ಯಂತ್ರವಾದರೆ ನಾನು ಈ ಲೆಕ್ಕವನ್ನು ನೆಚ್ಚಿಕೊಳ್ಳುವುದಿಲ್ಲ. ಇನ್ನು ಸ್ಯಾಂಪಲ್ ಮಾಡಿದ ವ್ಯವಸ್ಥೆಗೆ zನಲ್ಲಿ ಸಮೀಕರಣ ಬರೆದು, ಇದೇ ನಾಲ್ಕು ಗುರುತು ಹಾಕುವವರನ್ನು ನೋಡಿದ್ದೇನೆ. ಅಲ್ಲಿ ಮೂಲಗಳು ವೃತ್ತದೊಳಗೆ ಇರಬೇಕು, ಆಯತದ ವಾದ ನಡೆಯುವುದಿಲ್ಲ.

ಮೇಸ್ತ್ರಿ ಇನ್ನೂ ಅಲ್ಲೇ ನಿಂತಿದ್ದರು. "ಸ್ಟೇಬಲ್ ಅಂತೀರಿ, ತೂಗಾಡೋದು ಹಂಗೇ ಐತಲ್ರಿ?" ಅವರ ಮಾತೂ ಸರಿಯೇ. J 2 ಇದ್ದಾಗ ಮೂಲಗಳ ಒಂದು ಜೋಡಿಯ ವಾಸ್ತವ ಭಾಗ −0.15ರ ಹತ್ತಿರ ಬರುತ್ತದೆ. ಎಡಕ್ಕಿದೆ, ಆದರೆ ಅಕ್ಷಕ್ಕೆ ಅಂಟಿಕೊಂಡ ಹಾಗೆ. ತೂಗಾಟ ಪೂರ್ತಿ ನಿಲ್ಲಲು ಅರ್ಧ ನಿಮಿಷದ ಹತ್ತಿರ ಬೇಕು, ಅಷ್ಟರಲ್ಲಿ ಬಟ್ಟೆ ಒಮ್ಮೆ ಸಡಿಲ, ಒಮ್ಮೆ ಬಿಗಿ ಸುತ್ತಿಕೊಂಡಿರುತ್ತದೆ.

Kp ಅನ್ನು 1ರಿಂದ 3ಕ್ಕೆ ಏರಿಸಿದೆವು. ಅದೇ ಜೋಡಿ −0.73ಕ್ಕೆ ಸರಿಯಿತು. ಹುಡುಗ ಮತ್ತೆ ನೋಟ್‌ಬುಕ್ ತೆಗೆದ. ಈಗ a1ನ ಕನಿಷ್ಠ 3.1. K3: 3.1 × 0.51 = 1.581, ಎದುರಿಗೆ 1.0. ತುಂಡು ಮಾಡದೆಯೇ, ಆ ಇಲ್ಲದ ರೋಲನ್ನೂ ಸೇರಿಸಿಕೊಂಡೇ ಪಾಸ್. ತುಂಬಿದ ರೋಲ್ ಹಾಕಿ ವೇಗ ಬದಲಿಸಿದೆವು. ಮುಳ್ಳು ಒಂದು ಸಲ ಹೋಗಿ ಬಂದು, ಕೂತಿತು.