ಬೂದು ಮುಚ್ಚಳದ ಟ್ಯೂಬಿನಲ್ಲೂ ಸಕ್ಕರೆ ಇಳಿಯುತ್ತದೆ

ತಾಲ್ಲೂಕಿನ ಸಂಗ್ರಹ ಕೇಂದ್ರದಲ್ಲಿ ಬೆಳಿಗ್ಗೆ 7ಕ್ಕೆ ತೆಗೆದ ರಕ್ತ ಜಿಲ್ಲಾ ಕೇಂದ್ರದ ಲ್ಯಾಬ್ ಮುಟ್ಟುವಾಗ 10 ಗಂಟೆ ಆಗಿರುತ್ತದೆ ಎಂದುಕೊಳ್ಳಿ. ಆ ಮೂರು ಗಂಟೆಯೂ ಟ್ಯೂಬಿನೊಳಗಿನ ರಕ್ತಕಣಗಳು ಬದುಕಿರುತ್ತವೆ. ಕೆಂಪು ಕಣಕ್ಕೆ ಮೈಟೊಕಾಂಡ್ರಿಯಾ ಇಲ್ಲ. ಅದಕ್ಕೆ ಬೇಕಾದ ಶಕ್ತಿಯೆಲ್ಲ ಗ್ಲೂಕೋಸನ್ನು ಒಡೆಯುವುದರಿಂದಲೇ ಬರಬೇಕು, ಅದನ್ನು ಒಳಗೆ ಎಳೆದುಕೊಳ್ಳಲು ಇನ್ಸುಲಿನ್ನಿನ ಅಗತ್ಯವೂ ಇಲ್ಲ. ದೇಹದಲ್ಲಿದ್ದಾಗ ಯಕೃತ್ತು ಸಕ್ಕರೆ ತುಂಬಿಕೊಡುತ್ತಿರುತ್ತದೆ. ಟ್ಯೂಬಿನಲ್ಲಿ ತುಂಬಿಕೊಡುವವರು ಯಾರೂ ಇಲ್ಲ. ಹೀಗಾಗಿ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಗ್ಲೂಕೋಸ್ ಕರಗುತ್ತದೆ. ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟು ಸಾಗಿಸಿದರೆ ಇನ್ನೂ ಬೇಗ.

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬರ ಖಾಲಿ ಹೊಟ್ಟೆಯ ನಿಜವಾದ ಗ್ಲೂಕೋಸ್ ಡೆಸಿಲೀಟರಿಗೆ 130 ಮಿ.ಗ್ರಾಂ. 126 ಮತ್ತು ಅದಕ್ಕಿಂತ ಮೇಲೆ ಮಧುಮೇಹದ ಮಟ್ಟವಾದ್ದರಿಂದ ಇವರಿಗೆ ಮರುಪರೀಕ್ಷೆ ಆಗಲೇಬೇಕು. ಇವರ ರಕ್ತವನ್ನು ಕೆಂಪು ಮುಚ್ಚಳದ ಸಾದಾ ಟ್ಯೂಬಿನಲ್ಲಿ ಹಾಗೇ ಬಿಟ್ಟು, ಗಂಟೆಗೆ 6 ಶೇಕಡಾ ಇಳಿಯಿತು ಎಂದಿಟ್ಟುಕೊಂಡರೆ ಮೂರು ಗಂಟೆಯ ನಂತರ ಉಳಿಯುವುದು ಸುಮಾರು 108. ವರದಿ ನೋಡಿದ ವೈದ್ಯರು ‘ಗಡಿಯಲ್ಲಿದೆ, ಆಹಾರದಲ್ಲಿ ಹುಷಾರಾಗಿರಿ’ ಎಂದು ಕಳಿಸುತ್ತಾರೆ. ಯಂತ್ರದ ತಪ್ಪಿಲ್ಲ, ಕ್ವಾಲಿಟಿ ಕಂಟ್ರೋಲ್ ಸರಿಯಾಗಿಯೇ ಬಂದಿರುತ್ತದೆ. ಕಾಯಿಲೆ ಮಾತ್ರ ಕೈತಪ್ಪಿರುತ್ತದೆ.

ಇದನ್ನು ತಡೆಯಲೆಂದೇ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಂದದ್ದು. ಅದರಲ್ಲಿ ಎರಡು ವಸ್ತುಗಳಿರುತ್ತವೆ: ಸಕ್ಕರೆ ಒಡೆಯುವುದನ್ನು ತಡೆಯಲು ಸೋಡಿಯಂ ಫ್ಲೋರೈಡ್, ರಕ್ತ ಹೆಪ್ಪುಗಟ್ಟದಂತೆ ಪೊಟ್ಯಾಸಿಯಂ ಆಕ್ಸಲೇಟ್ ಅಥವಾ ಇಡಿಟಿಎ. ಈ ಟ್ಯೂಬಿಗೆ ಹಾಕಿದ ಕ್ಷಣವೇ ಸಕ್ಕರೆ ನಿಂತುಬಿಡುತ್ತದೆ ಎಂದು ಅನೇಕರು ನಂಬಿದ್ದಾರೆ. ಅದು ಸರಿಯಲ್ಲ. ಕಣದೊಳಗೆ ಗ್ಲೂಕೋಸ್ ಒಡೆಯುವುದು ಹತ್ತು ಹಂತಗಳಲ್ಲಿ. ಫ್ಲೋರೈಡ್ ತಡೆಯುವುದು ಎನೊಲೇಸ್ ಎಂಬ ಕಿಣ್ವವನ್ನು, ಅದರ ಕೆಲಸ ಇರುವುದು ಒಂಬತ್ತನೇ ಹಂತದಲ್ಲಿ. ಗ್ಲೂಕೋಸನ್ನು ಹಿಡಿದು ಒಳಗೆ ಕಟ್ಟಿಹಾಕುವ ಮೊದಲ ಹಂತಗಳು ಸ್ವಲ್ಪ ಹೊತ್ತು ನಡೆಯುತ್ತಲೇ ಇರುತ್ತವೆ. ಆದ್ದರಿಂದ ಮೊದಲ ಒಂದೆರಡು ಗಂಟೆಯಲ್ಲಿ ಫ್ಲೋರೈಡ್ ಇದ್ದರೂ ಇಲ್ಲದಿದ್ದರೂ ಇಳಿಕೆಯಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಸುಮಾರು ನಾಲ್ಕು ಗಂಟೆಯ ಹೊತ್ತಿಗೆ ಮಟ್ಟ ನಿಲ್ಲುತ್ತದೆ, ಆಮೇಲೆ ಮೂರು ದಿನದವರೆಗೂ ಹೆಚ್ಚು ಕದಲುವುದಿಲ್ಲ. ಅಂದರೆ ಫ್ಲೋರೈಡ್ ಕಾಯುವುದು ಅಷ್ಟರಲ್ಲಿ ಇಳಿದು ಉಳಿದ ಮಟ್ಟವನ್ನು. ನಮ್ಮ ಉದಾಹರಣೆಯ 130, ಈ ಟ್ಯೂಬಿನಲ್ಲೂ 122ರ ಆಸುಪಾಸಿಗೆ ಬರಬಹುದು. ಅದೂ 126ರ ಕೆಳಗೇ. ಗರ್ಭಿಣಿಯರಲ್ಲಿ ಖಾಲಿ ಹೊಟ್ಟೆಯ ಗಡಿ 92 ಆಗಿರುವಾಗ ನಾಲ್ಕೈದು ಮಿ.ಗ್ರಾಂ ಇಳಿಕೆಯೇ ತೀರ್ಮಾನವನ್ನು ತಿರುಗಿಸಿಬಿಡುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮಧುಮೇಹವನ್ನು ಗುರುತಿಸುವ ಪರೀಕ್ಷೆಯಾದರೆ ಟ್ಯೂಬನ್ನು ಕೂಡಲೇ ಮಂಜುಗಡ್ಡೆ ಬೆರೆತ ನೀರಿನಲ್ಲಿ ಇಳಿಬಿಟ್ಟು, 30 ನಿಮಿಷದೊಳಗೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸಬೇಕು. ನೀರಿಲ್ಲದ ಬರೀ ಮಂಜುಗಡ್ಡೆ ತುಂಡುಗಳ ಮೇಲಿಡುವುದಕ್ಕಿಂತ ನೀರು ಸೇರಿಸಿದ್ದೇ ಒಳ್ಳೆಯದು, ಟ್ಯೂಬಿನ ಸುತ್ತಲೂ ತಣ್ಣಗೆ ತಾಗುತ್ತದೆ. ಅಷ್ಟು ಬೇಗ ಆಗದಿದ್ದರೆ ಸಿಟ್ರೇಟ್ ಬಫರ್ ಕೂಡ ಇರುವ ಫ್ಲೋರೈಡ್ ಟ್ಯೂಬ್ ಬಳಸಬೇಕು. ಸಿಟ್ರೇಟ್ ರಕ್ತವನ್ನು ಆಮ್ಲೀಯಗೊಳಿಸಿ ಮೊದಲ ಹಂತಗಳ ಕಿಣ್ವಗಳನ್ನೇ ತಕ್ಷಣ ಅಡಗಿಸುತ್ತದೆ, ಫ್ಲೋರೈಡ್ ನಿಧಾನವಾಗಿ ಬಂದು ಆ ಕೆಲಸವನ್ನು ಮುಂದುವರಿಸುತ್ತದೆ. ರಕ್ತಕ್ಕೂ ಉಪ್ಪಿನಕಾಯಿಗೂ ಇಲ್ಲಿ ಒಂದೇ ನ್ಯಾಯ: ಹುಳಿ ಮೊದಲೇ ಬಿದ್ದರೆ ಕೆಡುವುದು ನಿಲ್ಲುತ್ತದೆ. ಆದರೆ ಹಳೆಯ ಟ್ಯೂಬಿನಿಂದ ಇದಕ್ಕೆ ಬದಲಾದಾಗ ಫಲಿತಾಂಶ ತುಸು ಹೆಚ್ಚು ಬರುತ್ತದೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಬೂದು ಟ್ಯೂಬಿನ ಬಳಕೆಯಲ್ಲೇ ಆಗುವ ತಪ್ಪುಗಳು ಬೇರೆ. ಪುಡಿ ಗೋಡೆಗೆ ಅಂಟಿರುತ್ತದೆ, 8ರಿಂದ 10 ಸಲ ಮೆಲ್ಲಗೆ ತಲೆಕೆಳಗು ಮಾಡದಿದ್ದರೆ ಕರಗುವುದಿಲ್ಲ. ಜೋರಾಗಿ ಅಲುಗಿಸಿದರೆ ಕಣಗಳು ಒಡೆಯುತ್ತವೆ. ಹಲವು ಟ್ಯೂಬು ತುಂಬುವಾಗ ಇದನ್ನು ಕೊನೆಗೆ ತುಂಬಬೇಕು, ಯಾಕೆಂದರೆ ಇದರ ಪೊಟ್ಯಾಸಿಯಂ ಆಕ್ಸಲೇಟಿನ ಒಂದಿಷ್ಟು ಅಂಶ ಮುಂದಿನ ಟ್ಯೂಬಿಗೆ ಸೇರಿದರೂ ಅಲ್ಲಿ ಪೊಟ್ಯಾಸಿಯಂ ಏರಿ ಕ್ಯಾಲ್ಸಿಯಂ ಇಳಿದಂತೆ ಕಾಣುತ್ತದೆ. ಅದೇ ಕಾರಣಕ್ಕೆ ಬೂದು ಟ್ಯೂಬಿನ ಪ್ಲಾಸ್ಮಾದಲ್ಲಿ ಎಲೆಕ್ಟ್ರೊಲೈಟ್ ಅಳೆಯಬಾರದು. ಯೂರಿಯೇಸ್ ವಿಧಾನದ ಯೂರಿಯಾವನ್ನೂ ಅಳೆಯಬಾರದು, ಫ್ಲೋರೈಡ್ ಆ ಕಿಣ್ವವನ್ನೂ ಕಟ್ಟಿಹಾಕುತ್ತದೆ.

ಗ್ಲೂಕೋಸ್ 30 ಬಂದಿದ್ದರೂ ರೋಗಿ ಬೆವರದೆ, ತಲೆಸುತ್ತಿಲ್ಲದೆ ಆರಾಮವಾಗಿ ಕುಳಿತಿದ್ದರೆ, ಅಥವಾ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7.5 ಇರುವವರ ಸಕ್ಕರೆ ಪದೇ ಪದೇ 100ರ ಸುತ್ತ ಬಂದರೆ ರಕ್ತ ತೆಗೆದ ಸಮಯ ಮತ್ತು ತಿರುಗಿಸಿದ ಸಮಯ ಎರಡನ್ನೂ ನೋಡಬೇಕು. ಬಿಳಿ ಕಣಗಳು ಲಕ್ಷ ಮೀರಿದ ಲ್ಯುಕೇಮಿಯಾದಲ್ಲಿ ಸಕ್ಕರೆ ಇನ್ನೂ ವೇಗವಾಗಿ ಮುಗಿಯುತ್ತದೆ. ಅಂಥವರ ರಕ್ತವನ್ನು ತೆಗೆದ ಕೂಡಲೇ ಮಂಜುನೀರಿಗೆ ಹಾಕಿ ತಡಮಾಡದೆ ತಿರುಗಿಸಬೇಕು, ಇಲ್ಲವೇ ತೆಗೆದ ಜಾಗದಲ್ಲೇ ಗ್ಲುಕೋಮೀಟರಿನಲ್ಲಿ ಒಮ್ಮೆ ನೋಡಿ ಆ ಸಂಖ್ಯೆಯನ್ನೂ ಮಾದರಿಯ ಚೀಟಿಯ ಮೇಲೆ ಬರೆದು ಕಳಿಸಬೇಕು.